ರವೆ ಡಬ್ಬದ ತಳದಲ್ಲಿ ಹುಳ! ಯಾವ ದಿನಾಂಕ ಬರೆದಿಡಬೇಕು, ಹಳೇದನ್ನ ಮೊದಲು ಖಾಲಿ ಮಾಡೋದು ಹೇಗೆ?

ಚಿಕ್ಕಸಂಸಾರ

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಎಂಟು ತಿಂಗಳಾಯ್ತು, ಬೆಂಗಳೂರಲ್ಲಿ ನಾವಿಬ್ಬರೇ. ಅಡುಗೆ ಅವಳದು, ದಿನಸಿ ತರೋದು ತುಂಬಿಡೋದು ನನ್ನದು ಅಂತ ಮೊದಲೇ ಮಾತಾಗಿದೆ. ನನ್ನ ಪಾಲಿನ ಕೆಲಸ ಚೆನ್ನಾಗೇ ಮಾಡ್ತಿದೀನಿ ಅಂದುಕೊಂಡಿದ್ದೆ, ಮೊನ್ನೆ ಭಾನುವಾರದವರೆಗೆ.

ಉಪ್ಪಿಟ್ಟಿಗೆ ಅಂತ ರವೆ ಡಬ್ಬ ಬಗ್ಗಿಸಿದರೆ ತಳದಲ್ಲಿ ಗಂಟು ಗಂಟು, ಅದರಲ್ಲಿ ಕೆಂಪು ಬಣ್ಣದ ಸಣ್ಣ ಹುಳಗಳು ಹರಿದಾಡ್ತಿವೆ. ಒಂಥರಾ ಘಾಟು ವಾಸನೆ ಬೇರೆ. ಆ ರವೆ ತಂದು ಇನ್ನೂ ಹದಿನೈದು ದಿನ ಆಗಿಲ್ಲ, ಪ್ಯಾಕೆಟ್ ಮೇಲಿನ ದಿನಾಂಕ ನವೆಂಬರ್‌ವರೆಗೆ ಇತ್ತು. ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿದ್ದೆ. ಅವನು ನಗುತ್ತಾ "ಡಬ್ಬ ತೊಳೆದು ಎಷ್ಟು ದಿನ ಆಯ್ತು ಸಾರ್?" ಅಂದ. ಉತ್ತರ ಇರಲಿಲ್ಲ. ಖಾಲಿಯಾಗೋಕೆ ಮುಂಚೆ ಹೊಸ ಪ್ಯಾಕೆಟ್ ಸುರಿದುಬಿಡೋದು ನನ್ನ ಅಭ್ಯಾಸ.

ಕೇಳಬೇಕಾಗಿರೋದು ಇಷ್ಟೇ. ಡಬ್ಬದ ಮೇಲೆ ದಿನಾಂಕ ಬರೀಬೇಕು ಅಂತಾರೆ. ಯಾವ ದಿನಾಂಕ? ತಂದದ್ದಾ, ಒಡೆದದ್ದಾ, ಪ್ಯಾಕೆಟ್‌ನಲ್ಲಿರೋದಾ? ಹಳೇದನ್ನ ಮೊದಲು ಬಳಸಬೇಕು ಅನ್ನೋದು ಗೊತ್ತು, ಆದರೆ ಒಂದೇ ಡಬ್ಬ ಇದ್ದಾಗ ಅದು ಹೇಗೆ ಸಾಧ್ಯ?

ಕಾಫಿಪುಡಿ_೮೦_೨೦

ಇಷ್ಟಕ್ಕೆಲ್ಲ ದಿನಾಂಕ ಯಾಕೆ ಗುರು? ರವೆ ತಂದ ದಿನವೇ ಬಾಣಲೆಯಲ್ಲಿ ಘಮ್ ಅನ್ನೋವರೆಗೆ ಹುರಿದು ಆರಿಸಿ ತುಂಬಿಡು, ಬೇಗ ಹುಳ ತಲೆ ಹಾಕಲ್ಲ. ನಮ್ಮಮ್ಮ ಜೀವನದಲ್ಲಿ ಒಂದು ಡಬ್ಬದ ಮೇಲೂ ದಿನಾಂಕ ಬರೆದವರಲ್ಲ. ಇನ್ನೊಂದು ಮಾತು, ಪ್ಯಾಕೆಟ್ ಮೇಲಿನ ದಿನ ಒಂದು ದಿನ ದಾಟಿದರೂ ನಾನು ಎಸೀತೀನಿ. ಅದರಲ್ಲಿ ಮುಲಾಜಿಲ್ಲ.

ಮಲೆನಾಡ_ಮಿಡಿ

ಹಳೇದು ಮೊದಲು ಅನ್ನೋದನ್ನ ನಾನು ಒಪ್ಪಲ್ಲ. ನಮ್ಮಲ್ಲಿ ಅಕ್ಕಿ ಹಳೇದಾದಷ್ಟೂ ಒಳ್ಳೇದು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತೆ, ಮಕ್ಕಳಿಗೆ ಹೊಟ್ಟೆನೋವು ಬರುತ್ತೆ ಅಂತ ಅಜ್ಜಿ ಒಂದು ವರ್ಷ ಮುಟ್ಟೋಕೆ ಬಿಡ್ತಿರಲಿಲ್ಲ. ಹಳೇದನ್ನ ಬೇಗ ಖಾಲಿ ಮಾಡಿ ಹೊಸದು ತಿನ್ನಿ ಅಂದರೆ ಹೇಗೆ?

ಉಗ್ರಾಣದಕ್ಕ

ತಮ್ಮಾ, ಅಂಗಡಿಯವನು ಕೇಳಿದ್ದೇ ಸರಿಯಾದ ಪ್ರಶ್ನೆ. ಹದಿನಾಲ್ಕು ವರ್ಷ ಒಂದು ಹಾಸ್ಟೆಲಿನ ಉಗ್ರಾಣ ನೋಡಿಕೊಂಡವಳು ನಾನು. ಇದೇ ತಪ್ಪನ್ನ ಮೂಟೆಗಟ್ಟಲೆ ಮಾಡಿ ಬೈಸಿಕೊಂಡಿದೀನಿ.

ಮೊದಲು ನಿನ್ನ ಡಬ್ಬದೊಳಗೆ ಏನಾಗಿದೆ ನೋಡೋಣ. ಇಬ್ಬರಿಗೆ ವಾರಕ್ಕೆ ಇನ್ನೂರು ಗ್ರಾಂ ರವೆ ಅಂತ ಇಟ್ಟುಕೋ. ಡಬ್ಬದಲ್ಲಿ ಮುನ್ನೂರು ಗ್ರಾಂ ಉಳಿದಾಗ ನೀನು ಒಂದು ಕೆಜಿ ಸುರೀತೀಯ. ಚಮಚ ಹಾಕಿ ತೆಗೆಯೋದು ಮೇಲಿನಿಂದ. ಐದು ವಾರಕ್ಕೆ ಮೇಲಿನ ಒಂದು ಕೆಜಿ ಮುಗಿದು ಮತ್ತೆ ಅದೇ ಮುನ್ನೂರು ಗ್ರಾಂ ಉಳಿಯುತ್ತೆ, ಅದರ ಮೇಲೆ ಇನ್ನೊಂದು ಕೆಜಿ ಬೀಳುತ್ತೆ. ಎಂಟು ತಿಂಗಳಲ್ಲಿ ಏಳು ಪ್ಯಾಕೆಟ್ ತಂದಿರ್ತೀಯ, ಏಳೂ ತಾಜಾ. ತಳದಲ್ಲಿರೋದು ಮಾತ್ರ ನೀವು ಮನೆ ಹೂಡಿದಾಗಿನ ಮೊದಲನೇ ಪ್ಯಾಕೆಟ್. ಅದಕ್ಕೆ ಒಂದು ಸಲವೂ ಮೇಲೆ ಬರೋ ಪಾಳಿ ಸಿಕ್ಕಿಲ್ಲ.

ಆ ಕೆಂಪು ಹುಳಕ್ಕೆ ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹುಳ ಆಗೋಕೆ ಒಂದು, ಒಂದೂವರೆ ತಿಂಗಳು ಸಾಕು. ನಿನ್ನ ತಳದಲ್ಲಿ ಎಷ್ಟು ತಲೆಮಾರು ಆಗಿಹೋದವು ಲೆಕ್ಕ ಹಾಕಿಕೋ. ಪ್ರತಿ ಸಲವೂ ನೀನೇ ಹೊಸ ಊಟ ಬಡಿಸಿದೀಯ. ಘಾಟು ವಾಸನೆ ಬಂತು ಅಂದೆಯಲ್ಲ, ಅದು ಆ ಹುಳಗಳೇ ಬಿಡೋ ವಾಸನೆ. ಅಷ್ಟು ಬಂದ ಮೇಲೆ ಜರಡಿ ಹಿಡಿದು ಉಳಿಸಿಕೊಳ್ಳೋ ಯೋಚನೆ ಬೇಡ, ಚೆಲ್ಲಿಬಿಡು.

ಹಾಗಾಗಿ ಮೊದಲ ನಿಯಮ ದಿನಾಂಕದ್ದಲ್ಲ. ಹಳೇದರ ಮೇಲೆ ಹೊಸದು ಸುರೀಬಾರದು. ಎರಡೂ ಕಲೆತ ಮೇಲೆ ಡಬ್ಬದ ಮೇಲೆ ಏನು ಬರೆದರೂ ಅದು ಸುಳ್ಳೇ.

ಒಂದೇ ಡಬ್ಬ ಇದ್ದರೆ ಹೀಗೆ ಮಾಡು. ಹೊಸ ಪ್ಯಾಕೆಟ್ ಒಡೀಬೇಡ, ಹಾಗೇ ಹಿಂದೆ ಇಡು. ಡಬ್ಬದಲ್ಲಿ ಒಂದು ಹೊತ್ತಿನ ತಿಂಡಿಗಾಗೋಷ್ಟು ಉಳಿದಾಗ ಅವತ್ತೇ ಉಪ್ಪಿಟ್ಟೋ ಸಜ್ಜಿಗೆಯೋ ಮಾಡಿ ಮುಗಿಸಿ. ಆಮೇಲೆ ಡಬ್ಬ ತೊಳೆದು, ಒರೆಸಿ, ಬಿಸಿಲಿಗೆ ಬೋರಲು ಹಾಕು. ಮುಚ್ಚಳದ ಅಂಚಿನ ಸುರುಳಿಯಲ್ಲಿ ಹಿಟ್ಟು ಸೇರಿಕೊಂಡಿರುತ್ತೆ, ಅಲ್ಲೇ ಹುಳ ಉಳಿದುಕೊಳ್ಳೋದು. ಹಳೇ ಹಲ್ಲುಜ್ಜೋ ಬ್ರಷ್‌ನಿಂದ ಅದನ್ನ ತೆಗಿ. ಪೂರ್ತಿ ಒಣಗಿದ ಮೇಲೇ ಹೊಸದು ಒಳಗೆ. ಒದ್ದೆ ಉಳಿದರೆ ಹುಳದ ಬದಲು ಮುಗ್ಗು ಹಿಡಿಯುತ್ತೆ.

ಕಾಫಿಪುಡಿಯವರೇ, ಹುರಿಯೋದು ಒಳ್ಳೇದೇ. ರವೆಯೊಳಗೇ ಬಂದ ಮೊಟ್ಟೆ ಸಾಯುತ್ತೆ. ಆದರೆ ಹುರಿದ ರವೆಯನ್ನ ಅದೇ ತಳದ ಮುನ್ನೂರು ಗ್ರಾಂ ಮೇಲೆ ಸುರಿದರೆ ಏನು ಬಂತು?

ದಿನಾಂಕದ ವಿಷಯ ಸಂಜೆ ಬರೀತೀನಿ, ಒಲೆ ಮೇಲೆ ಹಾಲಿದೆ.

ಕಾಫಿಪುಡಿ_೮೦_೨೦

ಡಬ್ಬ ಒಂದು ಸಲ ಚೆನ್ನಾಗಿ ಅಲುಗಾಡಿಸಿದರೆ ಹಳೇದು ಹೊಸದು ಕಲೆತುಬಿಡುತ್ತಲ್ಲ ಅಕ್ಕ, ತಳದಲ್ಲೇ ಯಾಕೆ ಕೂರುತ್ತೆ?

ಉಗ್ರಾಣದಕ್ಕ

ಕಲೆತರೆ ಮೊಟ್ಟೆಯೂ ಕಲೆಯುತ್ತೆ. ಈಗ ಮುನ್ನೂರು ಗ್ರಾಂ ಎಸೆದರೆ ಮುಗೀತಿತ್ತು, ಆಗ ಒಂದು ಕೆಜಿ ಮುನ್ನೂರು ಗ್ರಾಂ ಎಸೀಬೇಕು.

ಜೋಳದರೊಟ್ಟಿ_ವಿಜಯಪುರ

ರವಾ ಬಿಡ್ರಿ, ಅದಕ್ಕ ಪಾಕೀಟರೆ ಇರ್ತದ. ನಮ್ಮ ಮನ್ಯಾಗ ಎಲ್ಲಾ ಗಿರಣಿ ಹಿಟ್ಟ. ಪಾಕೀಟೂ ಇಲ್ಲ, ತಾರೀಖೂ ಇಲ್ಲ. ಚಳಿಗಾಲದಾಗ ಸಜ್ಜಿ ರೊಟ್ಟಿ ಮಾಡ್ತೀವಲ್ರಿ, ಸಜ್ಜಿ ಹಿಟ್ಟ ಹತ್ತ ಹದಿನೈದ ದಿನಾ ಇಟ್ರ ಕಹಿ ಆಗಿಬಿಡ್ತದ. ಹುಳಾ ಇಲ್ಲ ಹುಪ್ಪಡಿ ಇಲ್ಲ, ನೋಡಾಕ ಛಲೋನ ಇರ್ತದ, ಬಾಯಾಗ ಇಟ್ರ ಕಹಿ. ಹೋದ ವರ್ಷ ಸಂಕ್ರಾಂತಿಗೆ ಬೀಗರು ಬಂದಾಗ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಬಡಿಸಿ ಮಾನ ಹೋತು. ನಮ್ಮ ಅತ್ತಿಯವರು ಕಾಳ ಸುಮಾರ ಐತಿ ಅಂದ್ರು, ನಾ ಗಿರಣಿಯಂವ ಏನೋ ಕಲಿಸ್ಯಾನ ಅಂದೆ. ಯಾರ ಮಾತ ಖರೆ?

ಉಗ್ರಾಣದಕ್ಕ

ಇಬ್ಬರದೂ ಅಲ್ಲ ರೀ. ಸಜ್ಜೆಯಲ್ಲಿ ಎಣ್ಣೆಯ ಅಂಶ ಜಾಸ್ತಿ. ಕಾಳು ಇಡಿಯಾಗಿ ಇರೋವರೆಗೆ ಅದು ಒಳಗೆ ಸುಮ್ಮನಿರುತ್ತೆ. ಬೀಸಿದ ಕೂಡಲೇ ಕಾಳಿನಲ್ಲೇ ಇರೋ ಒಂದು ಕಿಣ್ವ ಎಣ್ಣೆಗೆ ತಗುಲಿ ಅದನ್ನ ಒಡೆಯೋಕೆ ಶುರುಮಾಡುತ್ತೆ. ಗಿರಣಿಯಿಂದ ಮನೆಗೆ ಬರೋ ದಾರಿಯಲ್ಲೇ ಲೆಕ್ಕ ಶುರುವಾಗಿರುತ್ತೆ ಅನ್ನಿ. ಅದಕ್ಕೇ ಸಜ್ಜೆಗೆ ಕಾಳು ಕೊಂಡ ದಿನ ಮುಖ್ಯ ಅಲ್ಲ, ಬೀಸಿಸಿದ ದಿನ ಮುಖ್ಯ. ಹಿಟ್ಟಿನ ಡಬ್ಬದ ಮೇಲೆ ಅದನ್ನೇ ಬರೀರಿ. ವಾರಕ್ಕಾಗೋಷ್ಟೇ ಬೀಸಿಸಿ, ಉಳಿದರೆ ಫ್ರಿಜ್‌ನಲ್ಲಿಡಿ, ಕಹಿ ಬರೋದು ನಿಧಾನವಾಗುತ್ತೆ. ಬಡಿಸೋಕೆ ಮುಂಚೆ ಚಿಟಿಕೆ ಹಿಟ್ಟು ನಾಲಿಗೆ ಮೇಲೆ ಹಾಕಿಕೊಂಡರೆ ಬೀಗರ ಮುಂದೆ ಮಾನ ಹೋಗಲ್ಲ.

ಈಗ ತಮ್ಮನ ಪ್ರಶ್ನೆ. ಯಾವ ದಿನಾಂಕ?

ಒಡೆಯದ ಪ್ಯಾಕೆಟ್‌ಗೆ ನೀನೇನೂ ಬರೀಬೇಕಾಗಿಲ್ಲ. ಅದರ ಮೇಲೆ ಪ್ಯಾಕ್ ಮಾಡಿದ ದಿನ, ಕೊನೆಯ ದಿನ ಮುದ್ರಿಸಿರ್ತಾರೆ. ಅದು ಕಣ್ಣಿಗೆ ಬೀಳೋ ಹಾಗೆ ಮುಂದೆ ತಿರುಗಿಸಿಡು, ಸಾಕು. ತೊಂದರೆ ಬರೋದು ಒಡೆದಾಗ. ಡಬ್ಬಕ್ಕೆ ಸುರಿದು ಕವರ್ ಕಸಕ್ಕೆ ಹಾಕಿದೆಯೋ, ದಿನಾಂಕವೂ ಕಸಕ್ಕೆ ಹೋಯ್ತು. ಅದಕ್ಕೇ ದಿನಾಂಕ ಇರೋ ತುಂಡನ್ನ ಕತ್ತರಿಸಿ ಡಬ್ಬದ ಹೊರಗೆ ಟೇಪ್ ಹಾಕಿ ಅಂಟಿಸು. ಅದರ ಕೆಳಗೆ ನಿನ್ನ ಕೈಯಲ್ಲಿ "ಒಡೆದದ್ದು 12 ಜುಲೈ" ಅಂತ ಬರಿ. ಎರಡೂ ಬೇಕು. ಮುದ್ರಿಸಿರೋ ಕೊನೆಯ ದಿನ ಒಡೆಯದ ಪ್ಯಾಕೆಟ್‌ನ ಲೆಕ್ಕ. ಒಡೆದ ಮೇಲೆ ಗಾಳಿ, ತೇವ, ಒದ್ದೆ ಚಮಚ ಎಲ್ಲ ಸೇರಿ ಅದು ಅಷ್ಟು ದಿನ ಬರಲ್ಲ. ನಿನ್ನ ನವೆಂಬರ್ ಕಥೆಯೂ ಅದೇ.

ಚಿಲ್ಲರೆಯಾಗಿ ತಂದ ಬೇಳೆ, ಕಾಳಿಗೆ ತಂದ ದಿನ. ಬೀಸಿಸಿದ್ದಕ್ಕೆ ಬೀಸಿಸಿದ ದಿನ. ಮನೆಯಲ್ಲಿ ಮಾಡಿದ ಹುಳಿಪುಡಿ, ಸಾರಿನಪುಡಿಗೆ ಮಾಡಿದ ದಿನ.

ಬರೆಯೋದು ಡಬ್ಬದ ಮೈ ಮೇಲೆ, ಮುಚ್ಚಳದ ಮೇಲಲ್ಲ. ಹಾಸ್ಟೆಲಿನಲ್ಲಿ ಮೊದಲ ವರ್ಷ ನಾನು ಮುಚ್ಚಳದ ಮೇಲೆ ಬರೆದೆ. ಒಂದೇ ಅಳತೆಯ ಆರು ಡಬ್ಬ ಒಟ್ಟಿಗೆ ತೊಳೆದು ಬಂದವು ನೋಡು, ಕಡಲೆಹಿಟ್ಟಿಗೆ ಮೈದಾದ ಮುಚ್ಚಳ, ಮೈದಾಕ್ಕೆ ಅಕ್ಕಿಹಿಟ್ಟಿನ ಮುಚ್ಚಳ. ಆವತ್ತಿನ ಬೋಂಡ ನೆನೆಸಿಕೊಂಡರೆ ಈಗಲೂ ನಗು ಬರುತ್ತೆ.

ಎಡಿಸನ್_ಕನ್ನಡಿಗ

ಇಲ್ಲಿ ನ್ಯೂಜೆರ್ಸಿಯಲ್ಲಿ ಇನ್ನೊಂದು ಫಜೀತಿ ಇದೆ. ಅಮೆರಿಕದ ಪ್ಯಾಕೆಟ್‌ನಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಇಂಡಿಯನ್ ಅಂಗಡಿಯಲ್ಲಿ ಊರಿಂದ ಬಂದ ಪ್ಯಾಕೆಟ್‌ಗೆ ದಿನ ಮೊದಲು. ಒಂದೇ ಕಪಾಟಿನಲ್ಲಿ ಎರಡೂ. 04/09 ಅಂತ ನೋಡಿ ಒಂದು ಅವಲಕ್ಕಿ ಪ್ಯಾಕೆಟನ್ನ ಏಪ್ರಿಲ್‌ಗೇ ಮುಗೀತು ಅಂತ ಎಸೆದೆ, ಅದು ಸೆಪ್ಟೆಂಬರ್ 4. ಅವತ್ತಿಂದ ನಾನು ಬರೆಯೋದು ತಿಂಗಳ ಹೆಸರು ಹಾಕಿಯೇ.

ಇಲ್ಲಿ ಮಗುವಿನ ಫಾರ್ಮುಲಾ ಬಿಟ್ಟರೆ ಬೇರೆ ತಿನಿಸಿಗೆ ದಿನಾಂಕ ಹಾಕಲೇಬೇಕು ಅಂತ ಕೇಂದ್ರದ ಕಾನೂನೇ ಇಲ್ಲ. ಹೆಚ್ಚಿನವು ರುಚಿ ಚೆನ್ನಾಗಿರೋ ಅವಧಿಯನ್ನ ಕಂಪನಿಯವರೇ ಅಂದಾಜು ಮಾಡಿ ಹಾಕೋದು. ಹಾಗಾಗಿ ಕಾಫಿಪುಡಿಯವರು ಒಂದು ದಿನ ದಾಟಿದರೂ ಎಸೆಯೋದು ನನಗೆ ದಂಡ ಅನ್ನಿಸುತ್ತೆ.

ಉಗ್ರಾಣದಕ್ಕ

ಅದು ಯಾವ ಪದಾರ್ಥ ಅನ್ನೋದರ ಮೇಲೆ ಹೋಗುತ್ತೆ. ಒಣ ರವೆ, ಬೇಳೆ, ಸಕ್ಕರೆಗೆ "ಇಷ್ಟರೊಳಗೆ ಬಳಸಿದರೆ ಉತ್ತಮ" ಅಂತಿದ್ದು ಹತ್ತು ದಿನ ದಾಟಿದರೆ ನಾನು ತಟ್ಟೆಗೆ ಸುರಿದು ನೋಡ್ತೀನಿ. ನೂಲಿನ ಹಾಗೆ ಎಳೆ ಎಳೆಯಾಗಿ ಗಂಟು ಕಟ್ಟಿದ್ದರೆ ಪತಂಗದ ಮರಿ ಬಂದಿದೆ. ಹೆಸರುಕಾಳು, ಅಲಸಂದೆಯಲ್ಲಿ ದುಂಡಗಿನ ತೂತು, ತಳದಲ್ಲಿ ಪುಡಿ ಇದ್ದರೆ ಕುಟ್ಟೆ ಹಿಡಿದಿದೆ. ಕಡಲೆಬೀಜ, ಕೊಬ್ಬರಿ, ಎಳ್ಳು ಕಮಟು ವಾಸನೆ ಬಂದರೆ ಮುಗೀತು. ಇದ್ಯಾವುದೂ ಇಲ್ಲದಿದ್ದರೆ ಬಳಸ್ತೀನಿ. ಹಾಲು, ಪನೀರ್, ಮಾಂಸಕ್ಕೆ ಈ ಮೂಗಿನ ಲೆಕ್ಕ ಬೇಡ. ಅಲ್ಲಿ ಕೊನೆಯ ದಿನ ಅಂದರೆ ಕೊನೆಯ ದಿನವೇ, ಕೆಟ್ಟದ್ದು ವಾಸನೆಯಲ್ಲಿ ಗೊತ್ತಾಗದೆಯೂ ಇರಬಹುದು.

ಮಿಡಿಯವರೇ, ಹಳೇ ಅಕ್ಕಿ ವಿಷಯ ನೀವು ಹೇಳಿದ್ದು ಸರಿ. ಆದರೆ ಅದು ಈ ನಿಯಮಕ್ಕೆ ವಿರುದ್ಧ ಅಲ್ಲ, ಅದೇ ನಿಯಮ. ಈ ವರ್ಷದ ಅಕ್ಕಿ ಹಿಂದೆ, ಹೋದ ವರ್ಷದ್ದು ಮುಂದೆ. ನಿಮ್ಮಜ್ಜಿ ಯಾವ ಮೂಟೆ ಮೊದಲು ಬಿಚ್ಚುತ್ತಿದ್ದರು ನೆನಪು ಮಾಡಿಕೊಳ್ಳಿ.

ಮಲೆನಾಡ_ಮಿಡಿ

ಹೌದು, ಹಾಗೆ ನೋಡಿದರೆ ಅಜ್ಜಿಯೂ ಅದನ್ನೇ ಮಾಡ್ತಿದ್ದರು. ಮಿಡಿ ಉಪ್ಪಿನಕಾಯಿ ಭರಣಿಗೆ ಸುಣ್ಣದಲ್ಲಿ ಗೆರೆ ಎಳೀತಿದ್ದರು. ಒಂದು ಗೆರೆ ಈ ವರ್ಷದ್ದು, ಎರಡು ಗೆರೆ ಹೋದ ವರ್ಷದ್ದು. ಎರಡು ಗೆರೆಯದ್ದು ಮುಗಿಯೋವರೆಗೆ ಒಂದು ಗೆರೆಯ ಭರಣಿಯ ಬಟ್ಟೆ ಬಿಚ್ಚೋ ಹಾಗಿರಲಿಲ್ಲ. ಉಳಿದ ಹಳೇ ರಸವನ್ನ ಹೊಸ ಭರಣಿಗೆ ಹಾಕಿದರೆ ಬೈಗುಳ, ಎರಡಕ್ಕೂ ಬೂಷ್ಟು ಬರುತ್ತೆ ಅಂತ. ಯುಗಾದಿ ಬಂದರೆ ಹೊಸ ಮಿಡಿ ಹಾಕೋ ಗಡಿಬಿಡಿಯಲ್ಲಿ ಒಂದು ಗೆರೆಯ ಭರಣಿಗಳಿಗೆಲ್ಲ ಇನ್ನೊಂದು ಗೆರೆ ಎಳೆಯೋ ಕೆಲಸ ನನ್ನದು. ಅದನ್ನ ಯಾರೂ ದಿನಾಂಕ ಅಂತ ಕರೀತಿರಲಿಲ್ಲ ಅಷ್ಟೇ.

ಚಿಕ್ಕಸಂಸಾರ

ಸುಣ್ಣದ ಗೆರೆ ತುಂಬಾ ಇಷ್ಟವಾಯ್ತು! ಅಕ್ಕ, ನೀವು ಹೇಳಿದ ಹಾಗೆ ಡಬ್ಬ ತೊಳೆದು ಬಿಸಿಲಿಗೆ ಹಾಕಿದೆ. ಬೆಂಗಳೂರಿನ ಜುಲೈ ಬಿಸಿಲು ಹೇಗಿರುತ್ತೆ ಗೊತ್ತಲ್ಲ, ಎರಡು ದಿನ ಬೇಕಾಯ್ತು. ಮುಚ್ಚಳದ ಸುರುಳಿಯಿಂದ ನಾಲ್ಕು ಹುಳ ಬಂದವು.

ಈಗ ಇನ್ನೊಂದು ತೊಂದರೆ, ಫ್ರಿಜ್. ಸ್ಟೀಲ್ ಡಬ್ಬಿಗೆ ಟೇಪ್ ಅಂಟಿಸಿ ಸ್ಕೆಚ್ ಪೆನ್ನಲ್ಲಿ ಬರೆದಿದ್ದೆ. ಬೆಳಿಗ್ಗೆ ನೋಡಿದರೆ ಟೇಪ್ ಹಾಗಲಕಾಯಿ ಪಲ್ಯದ ಡಬ್ಬಿಯಿಂದ ಜಾರಿ ಮೊಸರಿನ ಪಾತ್ರೆಗೆ ಅಂಟಿಕೊಂಡಿದೆ, ಅಕ್ಷರ ನೀಲಿ ನೀರಾಗಿದೆ. ನನ್ನವಳು "ಮೊಸರು ಶುಕ್ರವಾರದ್ದಾ?" ಅಂತ ಕೇಳ್ತಿದಾಳೆ. ಮತ್ತೆ ಹುಳಿಯನ್ನ ದಿನಾ ಕುದಿಸಿ ಇಡ್ತೀವಿ, ಅದಕ್ಕೆ ಮಾಡಿದ ದಿನ ಬರೀಬೇಕಾ, ಕುದಿಸಿದ ದಿನವಾ?

ಎಡಿಸನ್_ಕನ್ನಡಿಗ

ಬಿಳಿ ಪೇಪರ್ ಮಾಸ್ಕಿಂಗ್ ಟೇಪ್ ತಗೊಳ್ಳಿ, ಬಣ್ಣ ಬಳಿಯೋರು ಬಳಸ್ತಾರಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಬಾಲ್‌ಪೆನ್ ಅಥವಾ ಅಳಿಸಿಹೋಗದ ಮಾರ್ಕರ್. ಡಬ್ಬಿ ಒಣಗಿ, ಬೆಚ್ಚಗಿಲ್ಲದೆ, ತಣ್ಣಗಿಲ್ಲದೆ ಇರುವಾಗಲೇ ಅಂಟಿಸಿ ಆಮೇಲೆ ಫ್ರಿಜ್‌ಗೆ ಇಡಿ. ಒಳಗಿಂದ ತೆಗೆದ ಬೆವೆತ ಸ್ಟೀಲಿಗೆ ಯಾವ ಟೇಪೂ ನಿಲ್ಲಲ್ಲ.

ಉಗ್ರಾಣದಕ್ಕ

ಮಾಡಿದ ದಿನವೇ ತಮ್ಮಾ. ಕುದಿಸಿದರೆ ಹುಳಿ ಬಿಸಿಯಾಗುತ್ತೆ, ಹೊಸದಾಗಲ್ಲ. ಸೋಮವಾರ ಮಾಡಿದ್ದು ಬುಧವಾರ ಕುದಿಸಿದರೂ ಸೋಮವಾರದ್ದೇ. ಫ್ರಿಜ್‌ನಲ್ಲಿಟ್ಟ ಬೇಯಿಸಿದ ಅಡುಗೆಗೆ ಮೂರು ದಿನ ಅಂತ ನಾನು ಇಟ್ಟುಕೊಂಡಿದೀನಿ. ನಾಲ್ಕನೇ ದಿನ ಕೆಲವರು ತಿಂತಾರೆ, ನಾನು ತಿನ್ನಲ್ಲ. ದಿನಾ ಇಡೀ ಪಾತ್ರೆ ಕುದಿಸಬೇಡ, ಬೇಕಾದಷ್ಟು ಮಾತ್ರ ಬೇರೆ ಪಾತ್ರೆಗೆ ತೆಗೆದು ಕುದಿಸು.

ಅನ್ನಕ್ಕೆ ಇನ್ನೂ ಬಿಗಿ. ರಾತ್ರಿಯಿಡೀ ಅಡುಗೆಮನೆ ಕಟ್ಟೆ ಮೇಲೆ ಉಳಿದ ಅನ್ನದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತೆ, ಆ ವಿಷ ಬಿಸಿ ಮಾಡಿದರೂ ಹೋಗಲ್ಲ. ಚಿತ್ರಾನ್ನ ಕಲಸಿದರೆ ಸರಿಹೋಗುತ್ತೆ ಅಂದುಕೊಳ್ಳಬೇಡ. ಅನ್ನ ಮಾಡಿ ಎರಡು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್‌ಗೆ ಹಾಕಿ, ಮಾರನೇ ದಿನ ಮುಗಿಸಿ.

ಅಂದಹಾಗೆ ಫ್ರಿಜ್‌ನಲ್ಲಿ ದಿನಾಂಕಕ್ಕಿಂತ ಜಾಗ ಚೆನ್ನಾಗಿ ಕೆಲಸ ಮಾಡುತ್ತೆ. ಕಣ್ಣೆತ್ತರದ ತಟ್ಟೆಯ ಎಡಗಡೆ "ಮೊದಲು ಇದು" ಅಂತ ಒಂದು ಜಾಗ ಮಾಡಿಕೋ. ಹೊಸದು ಯಾವುದೂ ಅಲ್ಲಿಗೆ ಹೋಗೋ ಹಾಗಿಲ್ಲ. ಅಡುಗೆಗೆ ಇಳಿಯೋಕೆ ಮುಂಚೆ ಅಲ್ಲಿ ನೋಡಬೇಕು.

ಜೋಳದರೊಟ್ಟಿ_ವಿಜಯಪುರ

ಹೊಸಾ ರವಾ ಪಾಕೀಟ ಫ್ರೀಜರ್‌ನ್ಯಾಗ ಇಡ್ರಿ ಅಂತ ನಮ್ಮ ತಂಗಿ ಹೇಳ್ತಾಳ. ಮಾಡಬಹುದೇನ್ರಿ?

ಉಗ್ರಾಣದಕ್ಕ

ಮಾಡಬಹುದು. ವಾರ ಇಟ್ಟರೆ ಒಳಗಿನ ಮೊಟ್ಟೆಯೂ ಸಾಯುತ್ತೆ. ತೆಗೆದ ಮೇಲೆ ಪಾಕೀಟು ಒಡೀಬೇಡಿ, ಹೊರಗಿನ ಬೆವರು ಆರಿ ಅಡುಗೆಮನೆಯ ಬಿಸಿಗೆ ಬರೋವರೆಗೆ ಹಾಗೇ ಬಿಡಿ. ಅವಸರ ಮಾಡಿದರೆ ತೇವ ರವೆಗೇ ಇಳಿಯುತ್ತೆ. ಪ್ಯಾಕೆಟ್ ಮೇಲಿನ ಕೊನೆಯ ದಿನ ಇದರಿಂದ ಮುಂದೆ ಹೋಗಲ್ಲ, ಅದನ್ನೇ ಇಟ್ಟುಕೊಳ್ಳಿ.

ಕಾಫಿಪುಡಿ_೮೦_೨೦

ನಾನಿನ್ನೂ ಹುರಿಯೋ ಪಕ್ಷವೇ. ಫ್ರೀಜರ್‌ನಲ್ಲಿ ತೆಂಗಿನ ತುರಿ, ಬಟಾಣಿ, ಐಸ್‌ಕ್ರೀಮ್, ಇನ್ನು ರವೆಗೆ ಜಾಗ ಎಲ್ಲಿದೆ? ಡಬ್ಬ ಖಾಲಿ ಮಾಡಿ ತೊಳೆಯೋ ವಿಷಯ ಮಾತ್ರ ಒಪ್ಪಿದೆ. ನಿನ್ನೆ ನಮ್ಮ ಕಡಲೆಹಿಟ್ಟಿನ ಡಬ್ಬ ಬಗ್ಗಿಸಿ ನೋಡಿದೆ. ಏನು ಕಂಡೆ ಅಂತ ಕೇಳಬೇಡಿ.

ಚಿಕ್ಕಸಂಸಾರ

ಮೂರು ವಾರ ಆದ ಮೇಲೆ ಬರೀತಿದೀನಿ. ಮಾಸ್ಕಿಂಗ್ ಟೇಪ್ ನಿಂತಿದೆ. ರವೆ, ಕಡಲೆಹಿಟ್ಟು, ಹೆಸರುಬೇಳೆ ಮೂರಕ್ಕೂ ಕತ್ತರಿಸಿದ ತುಂಡು ಮತ್ತು ಒಡೆದ ದಿನ ಅಂಟಿಸಿದೀನಿ. ಎರಡು ಸಾಸಿವೆ ಪ್ಯಾಕೆಟ್, ಮೂರು ಅವಲಕ್ಕಿ ಪ್ಯಾಕೆಟ್ ಹಿಂದೆ ಇದ್ದದ್ದು ಈಗ ಗೊತ್ತಾಯ್ತು, ಹಾಗಾಗಿ ಈ ತಿಂಗಳು ಅವೆರಡೂ ತರಲಿಲ್ಲ.

ಹೋದ ವಾರ ಅತ್ತೆ ಊರಿಂದ ಬಂದಿದ್ದರು. ನಾನು ಆಫೀಸಿನಿಂದ ಬರೋಷ್ಟರಲ್ಲಿ "ಡಬ್ಬ ಅರ್ಧ ಖಾಲಿ ಇತ್ತು ಕಣಪ್ಪಾ" ಅಂತ ಹಿಂದಿನ ರವೆ ಪ್ಯಾಕೆಟ್ ಒಡೆದು ತುಂಬಿಬಿಟ್ಟಿದಾರೆ, ಬಾಯಿವರೆಗೆ. ಮುಚ್ಚಳದ ಮೇಲೆ ಕುಂಕುಮ ಬೇರೆ ಇಟ್ಟಿದಾರೆ. ಡಬ್ಬದ ಮೇಲೆ ಮೊದಲೇ ಇದ್ದ ಹಳೇ ರವೆಯ ದಿನಾಂಕ, ಈಗ ಸುರಿದ ಪ್ಯಾಕೆಟ್‌ನ ದಿನಾಂಕ, ಇವೆರಡರಲ್ಲಿ ಯಾವುದನ್ನ ನಂಬಬೇಕು ಅಕ್ಕ, ಹಳೇದನ್ನಾ?

ಉಗ್ರಾಣದಕ್ಕ

ಹಳೇದನ್ನೇ. ಕಲೆತ ಡಬ್ಬಕ್ಕೆ ಯಾವತ್ತೂ ಹಿಂದಿನ ದಿನಾಂಕ. ಅತ್ತೆ ಇರೋವಾಗಲೇ ಒಂದೆರಡು ಸಲ ಕೇಸರಿಬಾತ್ ಮಾಡಿಸು, ಬೇಗ ಮುಗಿಯುತ್ತೆ.